ಕಾಕಾನ ಒಂದು ಟಿಕ್ಕು, ನಾಲ್ಕು ಒಪ್ಪಿಗೆ: ಔಷಧಿ ಆ್ಯಪ್‌ನ ಷರತ್ತುಗಳನ್ನು ಹಿರಿಯರಿಗೆ ಒಂದೇ ಹಾಳೆಯಲ್ಲಿ ಬರೆದುಕೊಡುವುದು ಹೇಗೆ

ನಮ್ಮ ಕಾಕಾ ಬಾಗಲಕೋಟೆಯ ನವನಗರದಲ್ಲಿ ಇರುತ್ತಾರೆ. ವಯಸ್ಸು 72. ತಿಂಗಳಿಗೊಮ್ಮೆ ಬಿ.ಪಿ. ಮತ್ತು ಶುಗರ್ ಗುಳಿಗೆ ಬೇಕು, ಚಿಗವ್ವನ ಗುಳಿಗೆ ಬೇರೆ. ಮುಂಜಾನೆ ವಾಕಿಂಗ್‌ಗೆ ಬರುವ ಗೆಳೆಯರೊಬ್ಬರು ಒಂದು ಔಷಧಿ ಆ್ಯಪ್ ತೋರಿಸಿ, ಇದರಲ್ಲಿ ತರಿಸಿದರೆ ಅಂಗಡಿಗಿಂತ ಕಡಿಮೆ ಬೀಳುತ್ತೆ ಅಂದಿದ್ದಾರೆ. ಕಾಕಾ ಆ್ಯಪ್ ಇಳಿಸಿಕೊಂಡು, ನಂಬರ್ ಹಾಕಿ, ಓಟಿಪಿ ಹಾಕಿ, ಒಂದು ಟಿಕ್ ಗುರುತಿನ ಮುಂದೆ ನಿಂತುಬಿಟ್ಟರು. ಬೆಳಗಾವಿಯಲ್ಲಿದ್ದ ನನಗೆ ಫೋನ್ ಬಂತು.

ನಾನು "ಒತ್ರಿ ಕಾಕಾ, ಎಲ್ಲಾರೂ ಒತ್ತತಾರ" ಅಂದೆ. ಕಂಪನಿಗಳ ಕರಾರು ಪತ್ರ ಓದೋದೇ ನನ್ನ ಕೆಲಸ, ಆದರೂ ಹಾಗಂದೆ. ಕಾಕಾ ಸುಮ್ಮನಿರಲಿಲ್ಲ. "ಮುಳುಗಡಿ ಟೈಮಿನ್ಯಾಗ ಮನಿ ಹೋಗೋ ನೋಟಿಸಿಗೇ ನಾ ಓದಲಾರದ ಸಹಿ ಹಾಕಿಲ್ಲ. ಇದಕ್ಯಾಕ ಹಾಕ್ಲಿ?" ಅಂದರು. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಮನೆ ಬಿಟ್ಟು ನವನಗರಕ್ಕೆ ಬಂದವರು ಅವರು. ಆ ಕಾಗದಗಳು ಇನ್ನೂ ಟ್ರಂಕಿನಲ್ಲಿವೆ. ಅವು ಕನ್ನಡದಲ್ಲಿದ್ದವು, ಇದು ಇಂಗ್ಲಿಷಿನಲ್ಲಿತ್ತು, ವ್ಯತ್ಯಾಸ ಅಷ್ಟೇ.

ಹಾಗಾಗಿ ಆ ವಾರ ಕೂತು ಓದಿ ಅವರಿಗೆ ಒಂದು ಹಾಳೆ ಬರೆದುಕೊಟ್ಟೆ. ನಾನು ಮಾಡಿದ್ದನ್ನು, ತಪ್ಪಿದ್ದನ್ನೂ ಸೇರಿಸಿ, ಇಲ್ಲಿ ಹೇಳುತ್ತೇನೆ. ಆ್ಯಪ್‌ನ ಹೆಸರು ಬೇಡ. ಈ ಥರದ ಆ್ಯಪ್‌ಗಳ ಕಾಗದಗಳು ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿ ಇರುತ್ತವೆ.

ಮೊದಲು ಟಿಕ್ಕಿನ ಪಕ್ಕದ ಸಾಲು ಓದಿ

ಎಲ್ಲರೂ ನೇರವಾಗಿ ಉದ್ದದ ಕಾಗದಕ್ಕೆ ಹೋಗಿ ಸುಸ್ತಾಗುತ್ತಾರೆ. ಅದಕ್ಕೂ ಮೊದಲು ಟಿಕ್ಕಿನ ಪಕ್ಕದ ಆ ಸಣ್ಣ ಸಾಲನ್ನು ನೋಡಬೇಕು. ಯಾಕೆಂದರೆ ಸಹಿ ಬೀಳೋದು ಅಲ್ಲಿ. ಕಾಕಾಗೆ ಹೇಳಿ ಆ ಪರದೆಯ ಸ್ಕ್ರೀನ್‌ಶಾಟ್ ತರಿಸಿಕೊಂಡೆ. ಒಂದೇ ವಾಕ್ಯದಲ್ಲಿ ನಾಲ್ಕು ಸಂಗತಿ ಕಟ್ಟಿಹಾಕಿದ್ದರು: ಬಳಕೆಯ ಷರತ್ತುಗಳಿಗೆ ಒಪ್ಪಿಗೆ, ಪ್ರೈವಸಿ ಪಾಲಿಸಿಗೆ ಒಪ್ಪಿಗೆ, ವಾಟ್ಸ್‌ಆ್ಯಪ್ ಮತ್ತು ಎಸ್ಸೆಮ್ಮೆಸ್‌ನಲ್ಲಿ ಆಫರ್ ಕಳಿಸೋಕೆ ಒಪ್ಪಿಗೆ, ಆಭಾ ಸಂಖ್ಯೆ ಮಾಡಿಕೊಡೋಕೆ ಒಪ್ಪಿಗೆ.

ಇವು ನಾಲ್ಕೂ ಬೇರೆ ಬೇರೆ. ಷರತ್ತು ಅಂದರೆ ವ್ಯವಹಾರದ ಕರಾರು: ಗುಳಿಗೆ ತಪ್ಪಾಗಿ ಬಂದರೆ ಯಾರು ಹೊಣೆ, ಹಣ ವಾಪಸ್ ಹೇಗೆ, ಜಗಳ ಎಲ್ಲಿ ತೀರ್ಮಾನ ಆಗಬೇಕು. ಪ್ರೈವಸಿ ಪಾಲಿಸಿ ಅಂದರೆ ನಿಮ್ಮ ಯಾವ ವಿಷಯ ಅವರ ಕೈಗೆ ಹೋಗುತ್ತೆ, ಅಲ್ಲಿಂದ ಯಾರ ಕೈಗೆ ಹೋಗುತ್ತೆ ಅನ್ನೋದು. ಆಫರ್ ಮೆಸೇಜಿಗೂ ಗುಳಿಗೆಗೂ ಸಂಬಂಧವೇ ಇಲ್ಲ. ಆಭಾ ಅನ್ನೋದು ಸರ್ಕಾರದ 14 ಅಂಕಿಯ ಆರೋಗ್ಯ ಖಾತೆ ಸಂಖ್ಯೆ, ಮಾಡಿಸಿಕೊಳ್ಳಲೇಬೇಕು ಅಂತ ಕಡ್ಡಾಯ ಇಲ್ಲ, ಅದಿಲ್ಲದೆಯೂ ಗುಳಿಗೆ ಸಿಗುತ್ತೆ. ಔಷಧಿ ಕೊಳ್ಳುವಾಗ ಆ್ಯಪ್ ಆಧಾರ್ ನಂಬರ್ ಕೇಳಿ ಅದಕ್ಕೆ ಇನ್ನೊಂದು ಓಟಿಪಿ ತರಿಸಿದರೆ, ಅದು ಗುಳಿಗೆಗಲ್ಲ, ಇಂಥ ಬೇರೆ ಕೆಲಸಕ್ಕೆ ಅಂತ ಹಿರಿಯರಿಗೆ ಹೇಳಿಡಿ.

ಅದೇ ಪರದೆಯ ಕೆಳಗೆ ಬೂದು ಬಣ್ಣದಲ್ಲಿ ಇನ್ನೊಂದು ಡಬ್ಬಿ ಇತ್ತು, ಮೊದಲೇ ಟಿಕ್ ಆಗಿತ್ತು. ವಾಟ್ಸ್‌ಆ್ಯಪ್ ಮೆಸೇಜಿನದು. ಕಾಕಾ ಅದನ್ನು ಗಮನಿಸಿರಲೇ ಇಲ್ಲ. ಮೇಲಿನ ಟಿಕ್ ತೆಗೆದರೆ ಆ್ಯಪ್ ಮುಂದಕ್ಕೆ ಹೋಗಲ್ಲ, ಆದರೆ ಕೆಳಗಿನದನ್ನು ತೆಗೆದರೆ ಏನೂ ಆಗಲ್ಲ. ಯಾವುದು ತೆಗೆಯಬಹುದು, ಯಾವುದು ಆಗಲ್ಲ ಅಂತ ತಿಳಿಯೋಕೆ ಇರುವ ಒಂದೇ ದಾರಿ ತೆಗೆದು ನೋಡೋದು.

ಸರಿಯಾದ ಕಾಗದ ಹಿಡಿದುಕೊಳ್ಳಿ

ಗೂಗಲ್‌ನಲ್ಲಿ ಹುಡುಕಬೇಡಿ. ಆ ಟಿಕ್ಕಿನ ಸಾಲಿನಲ್ಲೇ ಇರುವ ಕೊಂಡಿ ಒತ್ತಿ ತೆಗೆಯಿರಿ. ಒಂದೇ ಗುಂಪಿನ ಲ್ಯಾಬ್‌ಗೆ ಒಂದು ಪಾಲಿಸಿ, ಔಷಧಿಗೆ ಒಂದು, ವೆಬ್‌ಸೈಟಿಗೆ ಮತ್ತೊಂದು ಇರಬಹುದು. ಕಾಗದದ ಮೊದಲ ಪ್ಯಾರಾದಲ್ಲಿ ಕಂಪನಿಯ ಪೂರ್ತಿ ಹೆಸರು ಇರುತ್ತೆ, ಪ್ಲೇ ಸ್ಟೋರ್‌ನಲ್ಲಿ ಆ್ಯಪ್ ಮಾಡಿದವರು ಅಂತ ತೋರಿಸುವ ಹೆಸರಿಗೆ ಅದು ತಾಳೆ ಆಗುತ್ತಾ ನೋಡಿ. ಕೊನೆಯ ಸಲ ಬದಲಾದ ದಿನಾಂಕ ಬರೆದುಕೊಳ್ಳಿ. ಆಮೇಲೆ ಪಿಡಿಎಫ್ ಆಗಿ ಉಳಿಸಿಕೊಳ್ಳಿ, ಯಾಕೆಂದರೆ ನಾಳೆ ಅದೇ ಕೊಂಡಿಯಲ್ಲಿ ಬೇರೆ ಮಾತು ಇರಬಹುದು.

ಇನ್ನು ಓದೋದು. ಮೊದಲಿಂದ ಕೊನೆಯವರೆಗೆ ಓದೋಕೆ ಹೋದರೆ ಎರಡನೇ ಪುಟದಲ್ಲೇ ನಿದ್ದೆ ಬರುತ್ತೆ, ಅದು ನಿಮ್ಮ ತಪ್ಪಲ್ಲ. ನಾನು ಮೊದಲ ಸಲ ಕೆಲವು ಪದ ಹುಡುಕಿ, ಸಿಕ್ಕ ಕಡೆಯೆಲ್ಲ ಬಣ್ಣ ಹಚ್ಚುತ್ತೇನೆ. ಆಮೇಲೆ ಆ ಪ್ಯಾರಾಗಳನ್ನು ಮಾತ್ರ ಪೂರ್ತಿ ಓದುತ್ತೇನೆ. ಬ್ರೌಸರ್‌ನಲ್ಲಿ ಪುಟದೊಳಗೆ ಹುಡುಕುವ ಜಾಗದಲ್ಲಿ ಇವನ್ನು ಹಾಕಿ:

```
collect
share
affiliate
third part
de-identified
retain
withdraw
Grievance Officer
```

ನಾಲ್ಕನೆಯದನ್ನು ಅರ್ಧಕ್ಕೆ ಬಿಟ್ಟಿದ್ದು ಬೇಕಂತಲೇ. ಏಕವಚನ, ಬಹುವಚನ ಎರಡೂ ಸಿಗಲಿ ಅಂತ.

ಏನೇನು ಹೋಗುತ್ತೆ: ಮೂರು ಬುಟ್ಟಿ

ಹಾಳೆಯ ಮೇಲೆ ಮೂರು ಕಡೆ ಬರೆಯುತ್ತಾ ಹೋಗಿ. ನಾವೇ ಕೈಯಾರೆ ಕೊಡೋದು ಒಂದು. ಫೋನಿನಿಂದ ತಾನಾಗಿ ಹೋಗೋದು ಇನ್ನೊಂದು. ಬೇರೆಯವರಿಂದ ಅವರು ತರಿಸಿಕೊಳ್ಳೋದು ಮೂರನೆಯದು. ಈ ಮೂರನೇ ಬುಟ್ಟಿಯನ್ನು ಜನ ಮರೆಯುತ್ತಾರೆ. ನಮ್ಮ ಕಾಗದದಲ್ಲಿ ಅದು ಒಂದೇ ಒಂದು ಸಾಲಾಗಿ ಹುದುಗಿತ್ತು: ಗುಂಪಿನ ಬೇರೆ ಕಂಪನಿಗಳಿಂದ, ಲ್ಯಾಬ್‌ಗಳಿಂದ, ಜಾಹೀರಾತು ಪಾಲುದಾರರಿಂದ ನಿಮ್ಮ ವಿವರ ಪಡೆದು ನಮ್ಮಲ್ಲಿರುವುದಕ್ಕೆ ಸೇರಿಸಬಹುದು ಅಂತ.

ಮೊದಲ ಬುಟ್ಟಿ ಸುಲಭ ಅನಿಸುತ್ತೆ, ಆದರೆ ಅಲ್ಲೇ ನಿಧಾನ ಮಾಡಬೇಕು. ಪಾಲಿಸಿಯಲ್ಲಿ ಸುಮ್ನೆ "ಪ್ರಿಸ್ಕ್ರಿಪ್ಷನ್" ಅಂತ ಒಂದು ಪದ ಇರುತ್ತೆ. ಹಿರಿಯರಿಗೆ ಅದು ಒಂದು ಚೀಟಿ ಅಷ್ಟೇ. ಕಾಕಾನ ಚೀಟಿಯನ್ನೇ ಎದುರಿಗೆ ಇಟ್ಟುಕೊಂಡು ನೋಡಿದೆ. ಅದರಲ್ಲಿ ಡಾಕ್ಟರ ಹೆಸರು, ಆಸ್ಪತ್ರೆ, ಕಾಕಾನ ತೂಕ, ಆ ದಿನದ ಬಿ.ಪಿ., ಎರಡು ಕಾಯಿಲೆಯ ಹೆಸರು, ಐದು ಗುಳಿಗೆ, ಹೃದಯದ ಡಾಕ್ಟರನ್ನು ನೋಡಿ ಅಂತ ಮೂಲೆಯಲ್ಲಿ ಗೀಚಿದ ಒಂದು ಸಾಲು. ಫೋಟೋ ಹಾಕಿದರೆ ಇಷ್ಟೂ ಹೋಯಿತು. ಹಾಳೆಯಲ್ಲಿ "ಪ್ರಿಸ್ಕ್ರಿಪ್ಷನ್ ಕೊಡಬೇಕು" ಅಂತ ಬರೆದರೆ ಇದು ತಿಳಿಯಲ್ಲ. ಚೀಟಿಯಲ್ಲಿ ಏನಿದೆಯೋ ಅದನ್ನೇ ಬಿಡಿಸಿ ಬರೆಯಬೇಕು. ಇದರ ಜೊತೆಗೆ, ಪ್ರತಿ ತಿಂಗಳು ತರಿಸುತ್ತಾ ಹೋದರೆ ಡೋಸ್ ಯಾವಾಗ ಏರಿತು, ಯಾವ ಗುಳಿಗೆ ಯಾವಾಗ ನಿಂತಿತು ಅನ್ನೋ ಲೆಕ್ಕ ಕಾಕಾಗಿಂತ ಚೆನ್ನಾಗಿ ಅವರ ಹತ್ತಿರ ಇರುತ್ತೆ.

ಇಲ್ಲೇ ಚಿಗವ್ವನ ವಿಷಯ ಬಂತು. ಕಾಕಾ ಇಬ್ಬರ ಗುಳಿಗೆಯನ್ನೂ ತಮ್ಮ ಫೋನಿನಿಂದಲೇ ತರಿಸಬೇಕು ಅಂತಿದ್ದರು. ಷರತ್ತಿನಲ್ಲಿ ಒಂದು ಸಾಲಿತ್ತು: ಬೇರೆಯವರ ವಿವರ ನೀವು ಕೊಟ್ಟರೆ ಅವರ ಒಪ್ಪಿಗೆ ಪಡೆದಿದ್ದೀರಿ ಅಂತ ನೀವೇ ಭರವಸೆ ಕೊಟ್ಟ ಹಾಗೆ. ಅಂದರೆ ಚಿಗವ್ವನ ಪರವಾಗಿ ಕಾಕಾ ಸಹಿ ಹಾಕಿದಂತೆ. ಮನೆಯಲ್ಲಿ ಒಂದೇ ಸ್ಮಾರ್ಟ್‌ಫೋನ್ ಇರುವ ಕಡೆ ಇದು ಎಲ್ಲರಿಗೂ ಅನ್ವಯಿಸುತ್ತೆ, ಆದರೆ ಯಾರೂ ನೋಡಲ್ಲ. ಚಿಗವ್ವ ಯಾವ ಗುಳಿಗೆ ತಗೊಳ್ಳುತ್ತಾರೆ ಅಂತ ನಾನಿಲ್ಲಿ ಬರೆಯಲ್ಲ. ಬರೆದರೆ ಇಷ್ಟು ಹೊತ್ತು ಹೇಳಿದ್ದಕ್ಕೆ ಅರ್ಥವೇ ಇರಲ್ಲ, ಅಲ್ವಾ.

ಎರಡನೇ ಬುಟ್ಟಿಯಲ್ಲಿ ಒಂದು ತೊಂದರೆ ಇದೆ. ಪಾಲಿಸಿ ಬರೆಯುವ ವಕೀಲರು "ತೆಗೆದುಕೊಳ್ಳುತ್ತೇವೆ" ಅನ್ನಲ್ಲ, "ತೆಗೆದುಕೊಳ್ಳಬಹುದು" ಅಂತಾರೆ. ಲೊಕೇಶನ್, ಕಾಂಟ್ಯಾಕ್ಟ್ಸ್, ಎಸ್ಸೆಮ್ಮೆಸ್, ಫೋಟೋ ಎಲ್ಲವನ್ನೂ ಒಂದೇ ಉಸಿರಲ್ಲಿ ಹೇಳಿ, ಮುಂದೆ "ಇಷ್ಟಕ್ಕೇ ಸೀಮಿತವಲ್ಲ" ಅಂತ ಒಂದು ಬಾಲ ಸೇರಿಸುತ್ತಾರೆ. ಇದನ್ನು ಹಾಗೇ ಕಾಕಾಗೆ ಹೇಳಿದರೆ ಒಂದೋ ಹೆದರುತ್ತಾರೆ, ಇಲ್ಲ ಇದೆಲ್ಲ ಸುಮ್ನೆ ಬರೆದದ್ದು ಅಂದುಕೊಳ್ಳುತ್ತಾರೆ. ಎರಡೂ ಸರಿಯಲ್ಲ.

ಹಾಗಾಗಿ ಪ್ರತಿ "ಬಹುದು"ವನ್ನೂ ಆ್ಯಪ್‌ನ ಅನುಮತಿ ಪಟ್ಟಿಯ ಜೊತೆ ಹೋಲಿಸಿ. ಪ್ಲೇ ಸ್ಟೋರ್‌ನಲ್ಲಿ ಆ್ಯಪ್‌ನ ಪುಟ ತೆಗೆದು, `About this app` ಒತ್ತಿ, ಕೆಳಗೆ ಹೋದರೆ `App permissions` ಸಿಗುತ್ತೆ. ಪಾಲಿಸಿಯಲ್ಲಿ ಇದ್ದು ಅನುಮತಿ ಪಟ್ಟಿಯಲ್ಲಿ ಇಲ್ಲದಿದ್ದರೆ, ಸದ್ಯಕ್ಕೆ ಫೋನಿನಿಂದ ಅದನ್ನು ಓದುವ ದಾರಿ ಆ ಆ್ಯಪ್‌ಗೆ ಇಲ್ಲ. ಎರಡೂ ಕಡೆ ಇದ್ದರೆ ಹಾಳೆಗೆ ಬರೆಯಿರಿ. ನಮ್ಮ ಆ್ಯಪ್‌ನಲ್ಲಿ ಎಸ್ಸೆಮ್ಮೆಸ್ ಪಾಲಿಸಿಯಲ್ಲಿ ಇತ್ತು, ಪಟ್ಟಿಯಲ್ಲಿ ಇರಲಿಲ್ಲ. ಓಟಿಪಿ ತಾನಾಗಿ ತುಂಬಿಕೊಂಡಿತಲ್ಲ ಅಂತ ಕೇಳಬಹುದು. ಆ್ಯಂಡ್ರಾಯ್ಡ್‌ನಲ್ಲಿ ಆ ಒಂದು ಮೆಸೇಜನ್ನು ಮಾತ್ರ ಆ್ಯಪ್‌ಗೆ ಕೊಡುವ ವ್ಯವಸ್ಥೆ ಇದೆ, ಅದಕ್ಕೆ ಪೂರ್ತಿ ಇನ್‌ಬಾಕ್ಸ್ ಓದುವ ಅನುಮತಿ ಬೇಕಿಲ್ಲ. ಕಾಂಟ್ಯಾಕ್ಟ್ಸ್ ಮಾತ್ರ ಎರಡೂ ಕಡೆ ಇತ್ತು. ಗೆಳೆಯರಿಗೆ ಆ್ಯಪ್ ಪರಿಚಯಿಸಿ ರಿಯಾಯಿತಿ ಪಡೆಯಿರಿ ಅನ್ನೋ ಯೋಜನೆಗಂತೆ. ಗುಳಿಗೆಗೆ ಊರವರ ನಂಬರ್ ಯಾಕೆ?

ಈ ಪ್ರಶ್ನೆಯನ್ನು ಕಾಯ್ದೆಯೇ ಕೇಳಿದೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣೆ ಕಾಯ್ದೆಯಲ್ಲಿ ಒಪ್ಪಿಗೆಯ ಬಗ್ಗೆ ಹೇಳುವ 6ನೇ ಕಲಮಿಗೆ ಕೊಟ್ಟ ಉದಾಹರಣೆ ಹೆಚ್ಚುಕಡಿಮೆ ನಮ್ಮ ಕಾಕಾನ ಕಥೆ. ಒಬ್ಬಾಕೆ ಟೆಲಿಮೆಡಿಸಿನ್ ಆ್ಯಪ್ ಇಳಿಸಿಕೊಳ್ಳುತ್ತಾಳೆ, ಅದು ಚಿಕಿತ್ಸೆಗೂ ಕಾಂಟ್ಯಾಕ್ಟ್ ಪಟ್ಟಿಗೂ ಒಪ್ಪಿಗೆ ಕೇಳುತ್ತೆ, ಆಕೆ ಎರಡಕ್ಕೂ ಹೂಂ ಅಂತಾಳೆ. ಕಾಂಟ್ಯಾಕ್ಟ್ ಪಟ್ಟಿ ಆ ಸೇವೆಗೆ ಬೇಕಿಲ್ಲ, ಹಾಗಾಗಿ ಒಪ್ಪಿಗೆ ಚಿಕಿತ್ಸೆಗೆ ಮಾತ್ರ ಅಂತ ಕಾಯ್ದೆ ಹೇಳುತ್ತೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಒಪ್ಪಿಗೆಯ ಭಾಗ ಜಾರಿಗೆ ಬರೋಕೆ ಅಲ್ಲಿಂದ 18 ತಿಂಗಳು ಕೊಟ್ಟಿದ್ದಾರೆ, ಅಂದರೆ 2027ರ ಮೇ. ಆಮೇಲೆ ಒಪ್ಪಿಗೆ ಕೇಳುವ ನೋಟಿಸನ್ನು ಕನ್ನಡದಲ್ಲೂ ಓದುವ ಅವಕಾಶ ಕೊಡಬೇಕಾಗುತ್ತೆ. ಕಾಕಾಗೆ ಇದು ಬಹಳ ಹಿಡಿಸಿತು. ಆದರೆ ಅನುವಾದವಾದ ವಕೀಲರ ಕನ್ನಡ ಓದೋಕೆ ಮತ್ತೆ ನನಗೇ ಫೋನ್ ಬರುತ್ತೆ ಅಂತ ನನ್ನ ಅಂದಾಜು.

ಪ್ಲೇ ಸ್ಟೋರ್‌ನಲ್ಲೇ `Data safety` ಅಂತ ಚೊಕ್ಕ ಭಾಗ ಇದೆಯಲ್ಲ, ಅದನ್ನೇ ಕನ್ನಡ ಮಾಡಿದರೆ ಸಾಲದೇ? ಸಾಲದು. ಅದು ಆ್ಯಪ್‌ನವರು ತಾವೇ ತುಂಬಿದ ಅರ್ಜಿ. ಇನ್ನೊಂದು ಸೂಕ್ಷ್ಮ ಇದೆ: ಕಂಪನಿ ತನ್ನ ಕೆಲಸಕ್ಕೆ ಇಟ್ಟುಕೊಂಡ ಸೇವಾದಾರರಿಗೆ ಕೊಟ್ಟದ್ದನ್ನು ಅಲ್ಲಿ "ಹಂಚಿಕೆ" ಅಂತ ತೋರಿಸಬೇಕಾಗಿಲ್ಲ. ಹಾಗಾಗಿ ಅಲ್ಲಿ ಯಾರಿಗೂ ಕೊಡಲ್ಲ ಅಂತ ಇದ್ದು, ಪಾಲಿಸಿಯಲ್ಲಿ ಹತ್ತು ಜನರಿಗೆ ಕೊಡುತ್ತೇವೆ ಅಂತ ಇದ್ದರೆ ಎರಡೂ ಅವರ ಲೆಕ್ಕದಲ್ಲಿ ಸರಿಯೇ.

ಯಾರ ಕೈಗೆ ಹೋಗುತ್ತೆ

ಇದನ್ನು ಹತ್ತಿರದಿಂದ ದೂರಕ್ಕೆ ಬರೆಯಿರಿ. ಮೊದಲು ಗುಳಿಗೆ ಮನೆಗೆ ಬರೋಕೆ ಬೇಕೇ ಬೇಕಾದವರು: ಚೀಟಿ ನೋಡಿ ಔಷಧಿ ಕೊಡುವ ಅಂಗಡಿ, ತಂದುಕೊಡುವ ಹುಡುಗ, ಹಣ ತಗೊಳ್ಳುವ ಪೇಮೆಂಟ್ ಕಂಪನಿ. ಇವರ ಬಗ್ಗೆ ತಕರಾರು ಮಾಡಿ ಪ್ರಯೋಜನ ಇಲ್ಲ. ಆಮೇಲೆ ಒಂದೇ ಮಾಲೀಕರ ಅಣ್ಣತಮ್ಮ ಕಂಪನಿಗಳು: ಲ್ಯಾಬ್, ಆರೋಗ್ಯ ವಿಮೆ ಮಾರುವವರು. ಕೊನೆಗೆ ಜಾಹೀರಾತಿನವರು.

"ನಾವು ನಿಮ್ಮ ಡೇಟಾ ಮಾರುವುದಿಲ್ಲ" ಅಂತ ದಪ್ಪಕ್ಷರದಲ್ಲಿ ಇರುತ್ತೆ. ಮಾರಲ್ಲ, ಖರೆ. ಆದರೆ ಅಣ್ಣತಮ್ಮ ಕಂಪನಿಗೆ ಕೊಟ್ಟರೆ ಅದು ಮಾರಾಟ ಅಲ್ಲ. ಕಾಕಾಗೆ ಶುಗರ್ ಇದೆ ಅಂತ ಗೊತ್ತಿರುವ ಲ್ಯಾಬ್‌ನವರು ಪ್ಯಾಕೇಜ್ ಮಾರೋಕೆ ಫೋನ್ ಮಾಡಿದರೆ ಆ ಮಾತು ಸುಳ್ಳಾಗಲ್ಲ. ಹೆಸರು ತೆಗೆದು ಕೊಡುತ್ತೇವೆ ಅನ್ನೋ ಮಾತನ್ನೂ ಹೀಗೇ ಬಿಡಿಸಿ ಹೇಳಿ. ಹೆಸರು ಹೋದರೂ ವಯಸ್ಸು, ಪಿನ್ ಕೋಡ್, ಗುಳಿಗೆ ಪಟ್ಟಿ ಉಳಿದಿದ್ದರೆ, ಅಪರೂಪದ ಔಷಧಿ ತಗೊಳ್ಳುವವರನ್ನು ಸಣ್ಣ ಊರಲ್ಲಿ ಗುರುತಿಸೋದು ಕಷ್ಟ ಅಲ್ಲ. ಬಿ.ಪಿ. ಗುಳಿಗೆಯವರಿಗೆ ಆ ಭಯ ಇಲ್ಲ, ಓಣಿಗೆ ಹತ್ತು ಜನ ಇರುತ್ತಾರೆ.

ಷರತ್ತಿನಿಂದ ಎರಡೇ ಸಂಗತಿ

ಷರತ್ತುಗಳ ಕಾಗದ ಇನ್ನೂ ಉದ್ದ, ಆದರೆ ಹಿರಿಯರ ಹಾಳೆಗೆ ಅದರಿಂದ ಜಾಸ್ತಿ ಬೇಕಿಲ್ಲ. ಒಂದು, ಆ್ಯಪ್‌ನವರು ಅಂಗಡಿಯವರಲ್ಲ, ನಡುವಿನವರು ಅಂತ ಬರೆದಿರುತ್ತಾರೆ. ಗುಳಿಗೆ ಮಾರುವವರು ಬೇರೆ, ಬಿಲ್ಲಿನಲ್ಲಿರುವ ಹೆಸರು ಅವರದು. ಹಾಗಾಗಿ ಪ್ರತಿ ಸಲ ಬಿಲ್ ಇಟ್ಟುಕೊಳ್ಳಬೇಕು. ಎರಡು, ತಕರಾರು ಬಂದರೆ ದೂರದ ಯಾವುದೋ ಊರಲ್ಲಿ ಮಧ್ಯಸ್ಥಿಕೆ ಅಂತ ಇರುತ್ತೆ. ಇದನ್ನು ಓದಿ ಕಾಕಾನಂಥವರು ಇನ್ನು ಮುಂಬೈಗೆ ಯಾರು ಹೋಗುತ್ತಾರೆ ಅಂತ ಕೈಬಿಡುತ್ತಾರೆ. ಕೈಬಿಡಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರುದಾರ ತಾನು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಅದಕ್ಕೂ ಮೊದಲು 1915 ಸಹಾಯವಾಣಿ ಇದೆ.

ಹಾಳೆ ಬರೆಯೋದು, ಮತ್ತು ನಾನು ಎಡವಿದ್ದು

ಮೊದಲ ಹಾಳೆ ಬರೆದು, ಭಾನುವಾರ ಊರಿಗೆ ಹೋಗಿ ಕಾಕಾನ ಮುಂದೆ ಓದಿದೆ. ಆಮೇಲೆ "ಅರ್ಥ ಆತೇನ್ರಿ?" ಅಂತ ಕೇಳಲಿಲ್ಲ, ಯಾಕೆಂದರೆ ಅದಕ್ಕೆ ಎಲ್ಲರೂ ಹೂಂ ಅಂತಾರೆ. ಅದರ ಬದಲು, "ಇದನ್ನ ಈಗ ಚಿಗವ್ವಗ ನೀವು ಹೇಳ್ರಿ" ಅಂದೆ. ಕಾಕಾ ಹೇಳಿದ್ದು ಕೇಳಿ ನನಗೆ ಬೆವರು ಬಂತು.

ನಾನು "ನಿಮ್ಮ ಮಾಹಿತಿಯನ್ನು ಹಂಚಿಕೊಳ್ಳುತ್ತಾರೆ" ಅಂತ ಬರೆದಿದ್ದೆ. ಅವರು ಅದನ್ನು, ನನ್ನ ಚೀಟಿಯನ್ನು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುತ್ತಾರೆ ಅಂತ ತಿಳಿದರು. ಸರಿಯೇ, ಅವರ ಫೋನಿನಲ್ಲಿ ಹಂಚಿಕೊಳ್ಳೋದು ಅಂದರೆ ಅದೇ. "ಮೂರನೇ ವ್ಯಕ್ತಿ" ಅಂತ ಇನ್ನೊಂದು ಕಡೆ ಬರೆದಿದ್ದೆ. "ಯಾರವಾ ಈ ಮೂರನೇದಾಂವ? ಎರಡನೇದಾಂವ ಯಾರು?" ಅಂದರು ಚಿಗವ್ವ. ಉತ್ತರ ಇರಲಿಲ್ಲ. ಮತ್ತೆ, ಆಫರ್ ಮೆಸೇಜ್ ಬೇಡ ಅಂದರೆ ಗುಳಿಗೆ ಬಂದ ಸುದ್ದಿಯೂ ಬರಲ್ಲ ಅಂತ ಕಾಕಾ ಅಂದುಕೊಂಡಿದ್ದರು. ಅದನ್ನು ನಾನು ಬರೆದೇ ಇರಲಿಲ್ಲ.

ಹೀಗೆ ತಿರುಗಿ ಹೇಳಿಸಿದಾಗ ಅವರು ತಪ್ಪಿದ ಕಡೆಯೆಲ್ಲ ನನ್ನ ವಾಕ್ಯ ತಪ್ಪು ಅಂತ ತಿಳಿದು ಹೊಸದಾಗಿ ಬರೆದೆ. ಈ ಸಲ ಮಾಹಿತಿ, ಡೇಟಾ, ಸೇವೆ ಅನ್ನೋ ಪದಗಳನ್ನೇ ತೆಗೆದೆ. ಯಾವ ವಸ್ತು, ಯಾರು ತಗೊಳ್ಳುತ್ತಾರೆ, ಯಾರಿಗೆ ಕೊಡುತ್ತಾರೆ, ಇಷ್ಟೇ. ಪ್ರತಿ ಸಾಲಿನ ಕೊನೆಗೆ ಅದು ಮೂಲ ಕಾಗದದ ಎಷ್ಟನೇ ಕಲಮಿನಲ್ಲಿದೆ ಅಂತ ಬರೆದೆ. ಮೂಲದಲ್ಲಿ ಇಲ್ಲದ, ನಾನೇ ಊಹಿಸಿದ ಸಾಲಿಗೆ ಪಕ್ಕದಲ್ಲಿ ಪ್ರಶ್ನೆ ಗುರುತು. ಒಳ್ಳೆ ಆ್ಯಪ್, ಕೆಟ್ಟ ಆ್ಯಪ್ ಅಂತ ಎಲ್ಲೂ ಬರೆಯಲಿಲ್ಲ. ಬರೆದರೆ ಹಿರಿಯರು ಆ ಒಂದು ಸಾಲು ಮಾತ್ರ ಓದಿ ಉಳಿದದ್ದು ಬಿಡುತ್ತಾರೆ. ಕಲಮಿನ ನಂಬರ್ ಬಿಟ್ಟು ಕೊನೆಯ ಹಾಳೆ ಹೀಗಿತ್ತು:

> ನೀವು ಕೊಡೋದು: ಹೆಸರು, ವಯಸ್ಸು, ಫೋನ್ ನಂಬರ್, ಮನೆ ವಿಳಾಸ, ಡಾಕ್ಟರ ಚೀಟಿಯ ಫೋಟೋ. ಚೀಟಿಯಲ್ಲಿ ನಿಮ್ಮ ಬಿ.ಪಿ., ತೂಕ, ಕಾಯಿಲೆಯ ಹೆಸರು, ಎಲ್ಲ ಗುಳಿಗೆ ಇವೆ.
>
> ಫೋನಿನಿಂದ ತಾನಾಗಿ ಹೋಗೋದು: ನೀವು ಎಲ್ಲಿದ್ದೀರಿ, ಯಾವ ಫೋನ್, ಆ್ಯಪ್‌ನಲ್ಲಿ ಏನೇನು ಹುಡುಕಿದಿರಿ. ಫೋನಿನಲ್ಲಿರುವ ಜನರ ನಂಬರ್‌ಗಳನ್ನೂ ಕೇಳುತ್ತೆ. ಬೇಡ ಅನ್ನಬಹುದು, ಗುಳಿಗೆ ಬರುತ್ತೆ.
>
> ಅವರು ಬೇರೆ ಕಡೆಯಿಂದ ತರಿಸೋದು: ಅವರದೇ ಲ್ಯಾಬ್‌ನಲ್ಲಿ ರಕ್ತ ಕೊಟ್ಟರೆ ಆ ರಿಪೋರ್ಟ್.
>
> ಯಾರಿಗೆ ಕೊಡುತ್ತಾರೆ: ಔಷಧಿ ಅಂಗಡಿ, ತಂದುಕೊಡುವವರು, ಹಣ ತಗೊಳ್ಳುವವರು. ಇವರಿಗೆ ಬೇಡ ಅನ್ನೋಕೆ ಆಗಲ್ಲ. ಅವರದೇ ಲ್ಯಾಬ್ ಮತ್ತು ವಿಮೆ ಕಂಪನಿಗೂ ಕೊಡಬಹುದು. ಆ ಕಂಪನಿಗಳಿಂದ ನಿಮಗೆ ಫೋನ್ ಬರಬಹುದು (?).
>
> ಆಫರ್ ಮೆಸೇಜ್: ಬೇಡ ಅನ್ನಬಹುದು. ಗುಳಿಗೆ ಹೊರಟಿತು, ಬಂತು ಅನ್ನೋ ಮೆಸೇಜ್ ಆಗಲೂ ಬರುತ್ತೆ.
>
> ಆಧಾರ್ ಕೇಳಿದರೆ: ಅದು ಗುಳಿಗೆಗಲ್ಲ. ನಿಲ್ಲಿಸಿ, ನನಗೆ ಫೋನ್ ಮಾಡಿ.
>
> ಚಿಗವ್ವನ ಚೀಟಿ ಹಾಕಿದರೆ: ಅವರನ್ನು ಕೇಳಿಯೇ ಹಾಕಿದ್ದು ಅಂತ ನೀವು ಬರೆದುಕೊಟ್ಟ ಹಾಗೆ.
>
> ಆ್ಯಪ್ ತೆಗೆದುಹಾಕಿದರೆ: ಅವರ ಹತ್ತಿರ ಇರೋದು ಹೋಗಲ್ಲ. ಖಾತೆ ಅಳಿಸಿ ಅಂತ ಬೇರೆ ಕೇಳಬೇಕು.

ಎರಡನೇ ಸಲ ತಿರುಗಿ ಹೇಳಿಸಿದಾಗ ಕಾಕಾ ಎಲ್ಲೂ ಎಡವಲಿಲ್ಲ. ಅಷ್ಟಾದ ಮೇಲೆ ಟಿಕ್ ಒತ್ತೋದೋ ಬಿಡೋದೋ ಅವರಿಗೆ ಬಿಟ್ಟದ್ದು.

ಒತ್ತಿದ ಮೇಲೆ

ಕಾಕಾ ಒತ್ತಿದರು. ಕೂಡಲೇ ಕೂತು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಅನುಮತಿಗಳನ್ನು ಹಾಳೆಗೆ ಹೊಂದಿಸಿದೆವು. ಕಾಂಟ್ಯಾಕ್ಟ್ಸ್ ಬಂದ್. ಲೊಕೇಶನ್ ಕೂಡ ಬಂದ್, ವಿಳಾಸ ಕೈಯಲ್ಲಿ ಟೈಪ್ ಮಾಡಿದೆವು, ನವನಗರದ ಸೆಕ್ಟರ್ ನಂಬರ್, ಪ್ಲಾಟ್ ನಂಬರ್ ಇದ್ದರೆ ಮ್ಯಾಪ್‌ಗಿಂತ ಚೆನ್ನಾಗಿ ಮನೆ ಸಿಗುತ್ತೆ. ಕ್ಯಾಮೆರಾ ಕೇಳಿದಾಗ `Only this time` ಒತ್ತಿದೆವು.

ಆಫರ್ ಮೆಸೇಜಿನ ಬಗ್ಗೆ ಒಂದು ಮಾತು. ಕಾಕಾ 1909 ನಂಬರಿಗೆ ಫೋನ್ ಮಾಡಿ ತಮ್ಮ ನಂಬರನ್ನು ಡಿಎನ್‌ಡಿ, ಅಂದರೆ ಜಾಹೀರಾತಿನ ಕರೆ, ಮೆಸೇಜ್ ಬೇಡ ಅನ್ನೋ ಪಟ್ಟಿಗೆ ಸೇರಿಸಿದ್ದರು, ಅದಿದ್ದರೆ ಸಾಕು ಅಂತಿದ್ದರು. ಆದರೆ ಪಾಲಿಸಿಯಲ್ಲಿ "ಡಿಎನ್‌ಡಿ ಇದ್ದರೂ ನಿಮ್ಮನ್ನು ಸಂಪರ್ಕಿಸಲು ಒಪ್ಪಿದ್ದೀರಿ" ಅಂತ ಒಂದು ಸಾಲಿತ್ತು. ಈ ಸಾಲು ಬಹಳ ಕಡೆ ಇರುತ್ತೆ. ಅದಕ್ಕೇ ಆ್ಯಪ್‌ನ ಒಳಗೇ ನೋಟಿಫಿಕೇಶನ್ ಭಾಗದಲ್ಲಿ ಆಫರ್ ನಿಲ್ಲಿಸಬೇಕು, ವಾಟ್ಸ್‌ಆ್ಯಪ್‌ನಲ್ಲಿ ಬಂದರೆ ಅಲ್ಲೇ ಬ್ಲಾಕ್ ಮಾಡಬೇಕು.

ಖಾತೆ ಅಳಿಸೋದು ಈಗ ಮೊದಲಿನಷ್ಟು ಕಷ್ಟ ಅಲ್ಲ. ಖಾತೆ ತೆರೆಯೋಕೆ ಬಿಡುವ ಆ್ಯಪ್‌ಗಳು ಖಾತೆ ಅಳಿಸುವ ದಾರಿಯನ್ನು ಆ್ಯಪ್‌ನ ಒಳಗೂ ವೆಬ್‌ನಲ್ಲೂ ಕೊಡಬೇಕು ಅಂತ ಗೂಗಲ್ ಪ್ಲೇ ನಿಯಮ ಇದೆ. ಆದರೆ ಅಳಿಸಿದರೂ ಎಲ್ಲಾ ಹೋಗಲ್ಲ. ಬಿಲ್ಲುಗಳನ್ನು ತೆರಿಗೆ ಲೆಕ್ಕಕ್ಕೆ ಇಡಬೇಕಾಗುತ್ತೆ. ಶೆಡ್ಯೂಲ್ ಎಚ್1 ಪಟ್ಟಿಯ ಔಷಧಿಗಳಿಗೆ, ಅಂದರೆ ಕೆಲವು ಆ್ಯಂಟಿಬಯಾಟಿಕ್, ಕೆಲವು ನಿದ್ದೆ ಗುಳಿಗೆಗಳಿಗೆ, ಅಂಗಡಿಯವರು ರೋಗಿಯ ಹೆಸರು ಸಮೇತ ಬೇರೆ ರಿಜಿಸ್ಟರ್ ಬರೆದು 3 ವರ್ಷ ಇಡಲೇಬೇಕು. ಅದು ಆ್ಯಪ್‌ನಲ್ಲಾದರೂ ಅಷ್ಟೇ, ಗಲ್ಲಿಯ ಅಂಗಡಿಯಲ್ಲಾದರೂ ಅಷ್ಟೇ.

ಕೇಳಿದ್ದಕ್ಕೆ ಉತ್ತರ ಬರದಿದ್ದರೆ ಪಾಲಿಸಿಯ ಕೊನೆಯಲ್ಲಿ ಕುಂದುಕೊರತೆ ಅಧಿಕಾರಿಯ ಹೆಸರು, ಇಮೇಲ್ ಇರುತ್ತೆ. ಹಾಳೆಯ ಹಿಂಬದಿಯಲ್ಲಿ ಅದನ್ನು ಬರೆದಿಡಿ. ಆರೋಗ್ಯದ ದಾಖಲೆಗಳು ಸೂಕ್ಷ್ಮ ಮಾಹಿತಿ ಅಂತ 2011ರ ಐಟಿ ನಿಯಮಗಳಲ್ಲೇ ಇದೆ. ಕೊಟ್ಟ ಒಪ್ಪಿಗೆಯನ್ನು ಬರಹದಲ್ಲಿ ವಾಪಸ್ ಪಡೆಯಬಹುದು, ಆ ಅಧಿಕಾರಿ ಒಂದು ತಿಂಗಳಲ್ಲಿ ದೂರು ಬಗೆಹರಿಸಬೇಕು ಅಂತಲೂ ಇದೆ. ಒಪ್ಪಿಗೆ ವಾಪಸ್ ಪಡೆದರೆ ಅವರು ಗುಳಿಗೆ ಕೊಡೋದು ನಿಲ್ಲಿಸಬಹುದು, ಅದನ್ನೂ ಹಿರಿಯರಿಗೆ ಮುಚ್ಚಿಡಬೇಡಿ. ಇಮೇಲ್‌ನಲ್ಲಿ ಉದ್ದ ಕಥೆ ಬೇಡ, ಆ್ಯಪ್‌ನಲ್ಲಿ ನೋಂದಾಯಿಸಿದ ಫೋನ್ ನಂಬರ್, ಏನು ಅಳಿಸಬೇಕು, ಯಾವ ದಿನದಿಂದ, ಇಷ್ಟು ಸಾಕು.

"ನಮ್ಮ ಪಾಲಿಸಿ ಬದಲಾಗಿದೆ" ಅಂತ ಮೆಸೇಜ್ ಬಂದರೆ ಅಳಿಸಬೇಡಿ, ನನಗೆ ಕಳಿಸಿ ಅಂತ ಕಾಕಾಗೆ ಹೇಳಿದ್ದೇನೆ. ಬದಲಾದ ಮೇಲೂ ಆ್ಯಪ್ ಬಳಸುತ್ತಿದ್ದರೆ ಒಪ್ಪಿದ ಹಾಗೆ ಅಂತ ಆ ಕಾಗದದಲ್ಲೇ ಇದೆ. ಉಳಿಸಿಟ್ಟ ಪಿಡಿಎಫ್ ಆಗ ಕೆಲಸಕ್ಕೆ ಬರುತ್ತೆ: ಅವೇ ಎಂಟು ಪದ ಎರಡರಲ್ಲೂ ಹುಡುಕಿ, ಎಲ್ಲಿ ಮಾತು ಬೇರೆಯಾಗಿದೆಯೋ ಆ ಸಾಲು ಮಾತ್ರ ಹಾಳೆಯಲ್ಲಿ ತಿದ್ದಿದರೆ ಆಯ್ತು.

ಹಾಳೆ ಈಗ ಮುಳುಗಡೆ ಕಾಗದಗಳ ಜೊತೆ ಟ್ರಂಕಿನಲ್ಲಿ ಇದೆ. ಚಿಗವ್ವ ತಮಗೂ ಒಂದು ಝೆರಾಕ್ಸ್ ಬೇಕು ಅಂದರು. ತಮ್ಮ ಹೆಸರಿದ್ದ ಸಾಲನ್ನು ಎರಡು ಸಲ ಓದಿ, "ನಂದು ಬ್ಯಾಡ ತಮ್ಮಾ, ನಾ ಅಂಗಡಿಯಿಂದನ ತರಸ್ತೀನಿ" ಅಂದರು. ಕಾಕಾ ಏನೋ ಹೇಳೋಕೆ ಹೋಗಿ ಸುಮ್ಮನಾದರು. ಹೋದ ತಿಂಗಳು ಆ್ಯಪ್‌ನಿಂದ ಒಬ್ಬರ ಗುಳಿಗೆ ಮಾತ್ರ ಬಂತು.